ಉದ್ರಿ ಕೇಳುವವರಿಗೆ ಎಷ್ಟು ಜಾಸ್ತಿ ಹಾಕಲಿ ಅಂದೆಯಲ್ಲ

ಪ್ರೀತಿಯ ಪುಟ್ಟಿ,

ಪಶು ಆಹಾರದ ಅಂಗಡಿ ತೆರೆದು ಎರಡು ತಿಂಗಳಾಗಿಲ್ಲ, ಆಗಲೇ ಹತ್ತು ಮನೆಯವರು ಉದ್ರಿ ಕೇಳುತ್ತಿದ್ದಾರೆ ಅಂದೆ. "ಎಲ್ಲಾ ಗೊತ್ತಿದ್ದವರೇ ಅಮ್ಮ" ಅಂದೆ. ಫೋನಿನಲ್ಲಿ ಲೆಕ್ಕ ಸರಿಯಾಗಿ ಹೇಳಲು ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿನಗೆ ಚೀಲ 1,200ಕ್ಕೆ ಬೀಳುತ್ತೆ. ನಗದಿಗೆ 1,260ಕ್ಕೆ ಕೊಡ್ತೀಯ. ಉಳಿಯುವುದು 60 ರೂಪಾಯಿ. ಒಂದು ಚೀಲದ ದುಡ್ಡು ಮುಳುಗಿದರೆ, ಅದನ್ನು ತುಂಬಿಕೊಳ್ಳಲು 20 ಚೀಲ ಮಾರಬೇಕು. ನನಗೆ ಇದು ಅರ್ಥವಾಗಲು ಮೂರು ವರ್ಷ ಬೇಕಾಯಿತು.

ಈಗ ಉದ್ರಿ ಬೆಲೆ. ನೀನು ತಂದ ಸಾಲಕ್ಕೆ ತಿಂಗಳಿಗೆ ನೂರಕ್ಕೆ ಒಂದೂವರೆ ಬಡ್ಡಿ, ಅಂದರೆ ಚೀಲಕ್ಕೆ 18 ರೂಪಾಯಿ. ನನ್ನ ಅಂಗಡಿಯ ಹಳೇ ಪುಸ್ತಕದಲ್ಲಿ 50 ಚೀಲ ಉದ್ರಿ ಕೊಟ್ಟರೆ ಸುಮಾರು ಒಂದರ ದುಡ್ಡು ವಾಪಸ್ ಬಂದಿಲ್ಲ. ಆ 1,200ನ್ನು ಉಳಿದ 49ರ ಮೇಲೆ ಹಂಚಿದರೆ ಹತ್ತಿರ ಹತ್ತಿರ 25. ಎರಡೂ ಸೇರಿ 43. ಹಾಗಾಗಿ ಒಂದು ತಿಂಗಳ ಉದ್ರಿಗೆ 1,303. ಎರಡು ತಿಂಗಳಾದರೆ 1,321 ಆಗುತ್ತೆ. ಆದರೆ ಚೀಲದ ಮೇಲೆ ಮುದ್ರಿಸಿದ ಗರಿಷ್ಠ ಬೆಲೆ 1,310, ಅದನ್ನು ದಾಟುವ ಹಾಗಿಲ್ಲ. ಆದ್ದರಿಂದ ಒಂದು ತಿಂಗಳಿಗಿಂತ ಜಾಸ್ತಿ ಉದ್ರಿ ನಿನ್ನ ಅಂಗಡಿಗೆ ಕಟ್ಟುವುದೇ ಇಲ್ಲ. ನಗದು, ಉದ್ರಿ ಎರಡೂ ಬೆಲೆ ಮೊದಲೇ ಬಾಯಿಬಿಟ್ಟು ಹೇಳು. ಆಮೇಲೆ ಹೇಳಿದರೆ ಮನಸ್ತಾಪ.

ಎಷ್ಟು ದಿನ ಅಂತ ಅವರ ಬಾಯಲ್ಲಿ ಕೇಳಬೇಡ, ಪುಸ್ತಕದಲ್ಲಿ ನೋಡು. ಕೊಟ್ಟ ತಾರೀಖು, ದುಡ್ಡು ಬಂದ ತಾರೀಖು ಎರಡನ್ನೂ ಬರೆದಿಡು. ಡೇರಿಗೆ ಹಾಲು ಹಾಕುವವರಿಗೆ ಬಟವಾಡೆ ದಿನ ಗೊತ್ತಿರುತ್ತೆ, ಅವರಿಗೆ ಒಂದು ಬಟವಾಡೆಯ ಅರ್ಧ ದುಡ್ಡಿನಷ್ಟು ಮಾತ್ರ ಕೊಡು. ಬರೀ ಕಬ್ಬು ನಂಬಿದವರ ಲೆಕ್ಕ ಬೇರೆ. ಕಬ್ಬು ಕೊಟ್ಟ 14 ದಿನದಲ್ಲಿ ಕಾರ್ಖಾನೆ ದುಡ್ಡು ಕೊಡಬೇಕು ಅಂತ ಕಾನೂನಿದೆ. ಆದರೂ ತಡವಾಗಿ ತಿಂಗಳುಗಟ್ಟಲೆ ಕಾದವರು ನಮ್ಮ ಸುತ್ತಮುತ್ತಲೇ ಎಷ್ಟು ಜನ. ಅವರು ಒಳ್ಳೆಯವರೇ, ಆದರೆ ನಿನ್ನ ಬಡ್ಡಿ ಅವರ ಬಿಲ್ ಬರುವ ತನಕ ನಿಲ್ಲಲ್ಲ.

ಇನ್ನೊಂದು. ಗರಿಷ್ಠ ಬೆಲೆಯ ಮಾತು ಬಿಟ್ಟರೂ, ತೀರಿಸದವರ ಭಯಕ್ಕೆ ಎಲ್ಲರಿಗೂ 43ರ ಬದಲು 100 ಹಾಕಿದರೆ ಏನೂ ಉಪಯೋಗವಿಲ್ಲ. ತೀರಿಸುವವರು ಬೇರೆ ಅಂಗಡಿಗೆ ಹೋಗುತ್ತಾರೆ. ಕೊಡುವ ಮನಸ್ಸೇ ಇಲ್ಲದವನು ಎಷ್ಟು ಬೆಲೆಗೂ ಹೂಂ ಅನ್ನುತ್ತಾನೆ.

ನನ್ನ ಹತ್ತಿರ ಪ್ರತಿ ಸಲ ಹಳೇ ಬಾಕಿಯಲ್ಲಿ 500 ಎಣಿಸಿಟ್ಟು ಹೊಸ ಚೀಲ ಒಯ್ಯುತ್ತಿದ್ದ ಒಬ್ಬರಿದ್ದರು. ಒಂದು ಸಲ ಆ 500 ಇಲ್ಲದೆ, ಚೀಲಕ್ಕೆ ಮಗನನ್ನು ಕಳಿಸಿದರು. ನಾನು ಕೊಟ್ಟೆ. ಆಮೇಲೆ ಅವರು ನಮ್ಮ ಅಂಗಡಿ ಮುಂದೆ ಹಾಯದೆ ಕೆರೆ ದಾರಿಯಲ್ಲಿ ಓಡಾಡಿದರು. 3,900 ರೂಪಾಯಿಯ ಜೊತೆ ಒಂದು ಸ್ನೇಹವೂ ಹೋಯಿತು. ಅದೇ ನನಗೆ ಜಾಸ್ತಿ ನೋವು.

ಭಾನುವಾರ ಬರುತ್ತೇನೆ. ಆ ಹತ್ತು ಮನೆಯಲ್ಲಿ ಹಾಲು ಹಾಕುವವರು ಯಾರು ಅಂತ ಗುರುತು ಮಾಡಿಟ್ಟಿರು.

ನಿನ್ನ ಅಮ್ಮ