ಮೂರನೇ ತರಗತಿಯ ಊಟದ ಡಬ್ಬಿ ಮತ್ತು ಕಡಲೆಬೀಜದ ವಿಷಯ

ಮಾನ್ಯ ಪೋಷಕರೇ,

ನಮಸ್ಕಾರ. ಮೂರನೇ ತರಗತಿಯ ಡಬ್ಬಿಗಳಲ್ಲಿ ಕಡಲೆಬೀಜ ಬೇಡವೆಂದು ನಾವು ತಿಳಿಸಿದ ಮೇಲೆ ಹಲವರು ಶಾಲೆಗೆ ಬಂದು ಮಾತನಾಡಿದ್ದೀರಿ. "ನನ್ನ ಮಗಳಿಗೂ ಹಾಲು ಒಗ್ಗುವುದಿಲ್ಲ, ಅದಕ್ಕೆ ಇಡೀ ತರಗತಿಗೆ ಹಾಲು ನಿಲ್ಲಿಸಿ ಎಂದು ನಾವು ಕೇಳಿದ್ದೇವೆಯೇ?" ಎಂದು ಒಬ್ಬ ತಾಯಿ ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಎರಡಕ್ಕೂ ನಾವು "ಒಗ್ಗುವುದಿಲ್ಲ" ಎಂಬ ಒಂದೇ ಮಾತು ಬಳಸುತ್ತೇವೆ; ಆದರೆ ದೇಹದೊಳಗೆ ನಡೆಯುವುದು ಬೇರೆ ಬೇರೆ.

ಹಾಲು ಒಗ್ಗದ ಬಹುಪಾಲು ಮಕ್ಕಳ ತೊಂದರೆ ಜೀರ್ಣಕ್ಕೆ ಸಂಬಂಧಿಸಿದ್ದು. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಕಿಣ್ವ ಸಣ್ಣ ಕರುಳಿನಲ್ಲಿ ಸಾಲದಿದ್ದರೆ, ಅದು ಹಾಗೆಯೇ ದೊಡ್ಡ ಕರುಳಿಗೆ ಇಳಿದು, ಅಲ್ಲಿನ ಬ್ಯಾಕ್ಟೀರಿಯಾಗಳಿಂದ ಹುದುಗಿ, ಹೊಟ್ಟೆ ಉಬ್ಬರಿಸಿ ಭೇದಿಯಾಗುತ್ತದೆ. ಇಲ್ಲಿ ಮುಖ್ಯವಾದದ್ದು ಪ್ರಮಾಣ. ಒಂದು ಲೋಟ ಹಾಲಿಗೆ ನರಳುವ ಮಗು ಮಜ್ಜಿಗೆಯನ್ನು ಆರಾಮವಾಗಿ ಕುಡಿಯಬಹುದು, ಏಕೆಂದರೆ ಹೆಪ್ಪಿನ ಬ್ಯಾಕ್ಟೀರಿಯಾಗಳು ಲ್ಯಾಕ್ಟೋಸಿನ ಒಂದು ಪಾಲನ್ನು ಆಗಲೇ ಕರಗಿಸಿರುತ್ತವೆ. ಮಗುವಿಗೆ ಸಂಕಟವಾಗುತ್ತದೆ ನಿಜ, ಜೀವಕ್ಕೆ ಅಪಾಯವಿಲ್ಲ. (ಹಾಲಿನ ಪ್ರೋಟೀನಿಗೇ ಅಲರ್ಜಿ ಇರುವ ಮಕ್ಕಳಿಗೆ ಮಜ್ಜಿಗೆಯೂ ಸಲ್ಲದು, ಅಂಥವರಿದ್ದರೆ ನಮಗೆ ತಿಳಿಸಿ.)

ಕಡಲೆಬೀಜದ ಅಲರ್ಜಿಯಲ್ಲಿ ತಪ್ಪುವುದು ಜೀರ್ಣಕ್ರಿಯೆಯಲ್ಲ, ರೋಗನಿರೋಧಕ ವ್ಯವಸ್ಥೆ. ಅದು ಬೀಜದ ಪ್ರೋಟೀನನ್ನು ಶತ್ರುವೆಂದು ಬಗೆದು, ಅದನ್ನು ಗುರುತಿಸುವ ಪ್ರತಿಕಾಯಗಳನ್ನು ಚರ್ಮ, ಶ್ವಾಸನಾಳ ಮತ್ತು ಕರುಳಿನಲ್ಲಿರುವ ಮಾಸ್ಟ್ ಕೋಶಗಳ ಮೇಲೆ ಮೊದಲೇ ಕೂರಿಸಿಟ್ಟಿರುತ್ತದೆ. ಮುಂದೆ ಅದೇ ಪ್ರೋಟೀನ್ ಚೂರೇ ಚೂರು ತಗುಲಿದರೂ ಆ ಕೋಶಗಳು ಹಿಸ್ಟಮಿನ್ ಮುಂತಾದ ರಾಸಾಯನಿಕಗಳನ್ನು ಒಮ್ಮೆಲೇ ಹೊರಬಿಡುತ್ತವೆ. ಮೈಮೇಲೆ ದದ್ದು ಏಳುತ್ತದೆ, ತುಟಿ ಊದುತ್ತದೆ, ಉಸಿರುನಾಳ ಬಿಗಿಯುತ್ತದೆ, ರಕ್ತದೊತ್ತಡ ಕುಸಿಯಲೂಬಹುದು.

ಈ ಅಲರ್ಜಿ ಇರುವ ಮೂರನೇ ತರಗತಿಯ ಹುಡುಗಿಯೊಬ್ಬಳಿಗೆ ಶಾಲೆಯಲ್ಲಿ ಆದದ್ದು ಇದೇ. ಅವಳ ಗೆಳತಿಯೊಬ್ಬಳು ತನ್ನ ಚಿತ್ರಾನ್ನದಿಂದ ಕಡಲೆಬೀಜವನ್ನೆಲ್ಲ ಜೋಪಾನವಾಗಿ ಆರಿಸಿ, ಡಬ್ಬಿಯ ಮುಚ್ಚಳದಲ್ಲಿ ಗುಡ್ಡೆ ಹಾಕಿ, ಉಳಿದ ಅನ್ನದಲ್ಲಿ ಎರಡು ತುತ್ತು ಕೊಟ್ಟಿದ್ದಳು. ಆ ಗೆಳತಿಯ ಪ್ರೀತಿಯಲ್ಲಿ ಯಾವ ತಪ್ಪೂ ಇಲ್ಲ. ಆದರೆ ಬೀಜ ಹುರಿದ ಒಗ್ಗರಣೆಯ ಎಣ್ಣೆ ಅಗುಳು ಅಗುಳಿಗೂ ಹತ್ತಿತ್ತು, ಹುರಿದರೆ ಆ ಪ್ರೋಟೀನಿನ ಶಕ್ತಿ ಕುಂದುವುದೂ ಇಲ್ಲ. ಹತ್ತು ನಿಮಿಷದೊಳಗೆ ಕೆಮ್ಮು ಶುರುವಾಯಿತು. ವೈದ್ಯರು ಮೊದಲೇ ಬರೆದುಕೊಟ್ಟಿದ್ದ ಪ್ರಕಾರ ನಮ್ಮ ನರ್ಸ್ ತೊಡೆಯ ಹೊರಭಾಗಕ್ಕೆ ಅಡ್ರಿನಲಿನ್ ಚುಚ್ಚುಮದ್ದು ಕೊಟ್ಟು ಆಸ್ಪತ್ರೆಗೆ ಕರೆದೊಯ್ದರು. ಮಗು ಈಗ ಆರೋಗ್ಯವಾಗಿದೆ.

"ಆ ಮಗುವೇ ಜಾಗ್ರತೆಯಿಂದ ಇರಲಿ" ಎನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಅವಳು ಜಾಗ್ರತೆಯಿಂದಲೇ ಇದ್ದಳು, ಬೀಜವನ್ನು ಮುಟ್ಟಲಿಲ್ಲ. ಎಂಟು ವರ್ಷದ ಮಗುವಿಗೆ ಕಣ್ಣಿಗೆ ಕಾಣದ್ದನ್ನು ಆರಿಸಿ ತೆಗೆಯಲು ಬರುವುದಿಲ್ಲ. ನಿಮ್ಮ ಅಡುಗೆಯ ಮೇಲೆ ನಮಗೆ ಆಕ್ಷೇಪವಿಲ್ಲ, ಮನೆಯಲ್ಲಿ ಏನು ತಿನ್ನಬೇಕೆಂದೂ ನಾವು ಹೇಳುತ್ತಿಲ್ಲ. ಬೆಳಿಗ್ಗೆ ಚಿಕ್ಕಿ ತಿಂದು ಬರುವ ಮಕ್ಕಳು ಸೋಪು ಹಾಕಿ ಕೈ ತೊಳೆದರೆ ಸಾಕು. ಸ್ಯಾನಿಟೈಸರ್ ಆ ಪ್ರೋಟೀನನ್ನು ತೆಗೆಯುವುದಿಲ್ಲ. ಆದರೆ ತರಗತಿಯ ನಿಯಮವನ್ನು ಸಡಿಲಿಸಲು ನನ್ನಿಂದಾಗದು.

ದಯವಿಟ್ಟು ಮೂರನೇ ತರಗತಿಯ ಡಬ್ಬಿಗೆ ಕಡಲೆಬೀಜ, ಅದರ ಚಟ್ನಿ, ಚಟ್ನಿಪುಡಿ ಅಥವಾ ಚಿಕ್ಕಿ ಹಾಕಬೇಡಿ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ