ಮಿಡಿಸೌತೆಯ ರೇಟು ಇಳಿಸಿಲ್ಲ, ಗ್ರೇಡು ಇಳಿಸಿದ್ದಾರೆ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ, ನಮಸ್ಕಾರ.

ನಾನು ಮಧುಗಿರಿ ತಾಲ್ಲೂಕಿನವನು. ಅರ್ಧ ಎಕರೆಯಲ್ಲಿ ಮಿಡಿಸೌತೆ ಬೆಳೆಯುತ್ತೇನೆ. ಉಪ್ಪುನೀರಲ್ಲೋ ವಿನಿಗರ್‌ನಲ್ಲೋ ಹಾಕಿ ಹೊರದೇಶಕ್ಕೆ ಕಳಿಸುತ್ತಾರಲ್ಲ, ಆ ಕಾಯಿ. ನಮ್ಮ ಸಂತೆಯಲ್ಲಿ ಇದನ್ನು ಕೇಳುವವರಿಲ್ಲ. ನಮ್ಮೂರಿಗೆ ಬರುವುದು ಒಂದೇ ಕಂಪನಿಯ ವ್ಯಾನು. ಬೀಜ, ಗೊಬ್ಬರ, ಔಷಧಿ ಎಲ್ಲ ಅವರೇ ಸಾಲವಾಗಿ ಕೊಡುತ್ತಾರೆ, ಬಿಲ್ಲಿನಲ್ಲಿ ಹಿಡಿದುಕೊಳ್ಳುತ್ತಾರೆ. ಅಲ್ಲಿಗೆ ಬೇರೆಯವರಿಗೆ ಮಾರುವ ದಾರಿಯೂ ಮುಚ್ಚಿತು.

ಕೊಳ್ಳುವವನು ಒಬ್ಬನೇ ಆದರೆ ರೇಟು ಇಳಿಸುತ್ತಾನೆ ಎಂದು ಎಲ್ಲರೂ ಹೇಳುತ್ತಾರೆ. ನಮ್ಮಲ್ಲಿ ರೇಟು ಇಳಿದೇ ಇಲ್ಲ. ಒಪ್ಪಂದದಲ್ಲಿ ಬರೆದದ್ದು ಹಾಗೇ ಇದೆ. ಆದರೂ ಕೈಗೆ ಬರುವ ದುಡ್ಡು ಕಮ್ಮಿಯಾಗಿದೆ. ಹೇಗೆ ಅಂತ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಮಿಡಿಸೌತೆಗೆ ಬೆಲೆ ಸಿಗುವುದು ಗಾತ್ರದ ಮೇಲೆ. ಒಂದು ಕೆಜಿಗೆ ಎಷ್ಟು ಕಾಯಿ ತೂಗುತ್ತವೆ ಎಂಬುದೇ ಗ್ರೇಡು. ಕೆಜಿಗೆ 160ಕ್ಕಿಂತ ಜಾಸ್ತಿ ಬರುವ ಸಣ್ಣ ಕಾಯಿಗೆ ಒಳ್ಳೇ ಬೆಲೆ. ದಪ್ಪವಾದಷ್ಟೂ ಬೆಲೆ ಇಳಿಯುತ್ತದೆ, ಇನ್ನೂ ದಪ್ಪವಾದರೆ ರಿಜೆಕ್ಟ್. ಲೆಕ್ಕಕ್ಕೆ ಮೊದಲ ಗ್ರೇಡಿಗೆ ಕೆಜಿಗೆ 40 ರೂಪಾಯಿ, ಎರಡನೆಯದಕ್ಕೆ 25, ಮೂರನೆಯದಕ್ಕೆ 12 ಎಂದು ಇಟ್ಟುಕೊಳ್ಳಿ. ಒಂದು ದಿನ 100 ಕೆಜಿ ಕಿತ್ತೆ. ಮೊದಲನೆಯದು 40 ಕೆಜಿ, ಎರಡನೆಯದು 35, ಮೂರನೆಯದು 20, ರಿಜೆಕ್ಟ್ 5. ಒಟ್ಟು 2,715 ರೂಪಾಯಿ ಬರಬೇಕು. ಈಗ ಅದೇ ಕಾಯಿಯನ್ನು ಸ್ವಲ್ಪ ಬಿಗಿಯಾಗಿ ವಿಂಗಡಿಸಿದರು ಅನ್ನಿ. ಮೊದಲನೆಯದರಿಂದ 15 ಕೆಜಿ ಎರಡಕ್ಕೆ, ಎರಡರಿಂದ 10 ಕೆಜಿ ಮೂರಕ್ಕೆ, ಮೂರರಿಂದ 5 ಕೆಜಿ ರಿಜೆಕ್ಟಿಗೆ ಹೋಯಿತು. ಬರುವುದು 2,300 ರೂಪಾಯಿ. 415 ಹೋಯಿತು, ನೂರಕ್ಕೆ 15ರಷ್ಟು. ಯಾರೂ ರೇಟು ಮುಟ್ಟಲಿಲ್ಲ. ವಿಂಗಡಿಸುವವರು ಅವರ ಜನ, ಜರಡಿ ಅವರದು, ಚೀಟಿ ಬರೆಯುವವರೂ ಅವರೇ.

ಇನ್ನೊಂದು ದಾರಿ ವ್ಯಾನಿನದು. ಬಳ್ಳಿಯ ಮೇಲಿನ ಕಾಯಿ ಒಂದು ರಾತ್ರಿಯಲ್ಲಿ ಗ್ರೇಡು ದಾಟಿಬಿಡುತ್ತದೆ. ಹಾಗಾಗಿ ಹಬ್ಬವಿರಲಿ, ಸಾವಿರಲಿ, ದಿನಾ ಕೀಳಲೇಬೇಕು. ಹೊರದೇಶದ ಆರ್ಡರ್ ಕಮ್ಮಿಯಾದಾಗ "ನಾಳೆ ವ್ಯಾನು ಬರಲ್ಲ" ಎಂದು ಫೀಲ್ಡ್‌ಮನ್ ಫೋನ್ ಮಾಡುತ್ತಾನೆ. ಮಾರನೇ ದಿನ ನನ್ನ ಮೊದಲ ಗ್ರೇಡು ಮೂರನೆಯದಾಗಿರುತ್ತದೆ. ಆರ್ಡರ್ ಕಮ್ಮಿಯಾದದ್ದು ಅವರಿಗೆ, ನಷ್ಟ ನನಗೆ. ಕೀಳುವ ಕೂಲಿಯಂತೂ ಒಂದು ರೂಪಾಯಿಯೂ ಕಮ್ಮಿಯಾಗಲ್ಲ.

ಕಬ್ಬಿನ ಕಡೆ ನೋಡಿ. ಎರಡು ಸಕ್ಕರೆ ಕಾರ್ಖಾನೆಗಳ ನಡುವೆ ಕನಿಷ್ಠ 15 ಕಿಲೋಮೀಟರ್ ದೂರ ಇರಬೇಕೆಂದು ಕೇಂದ್ರದ ನಿಯಮವಿದೆ. ಕೊಳ್ಳುವವನನ್ನು ಸರ್ಕಾರವೇ ಒಂಟಿಯಾಗಿ ನಿಲ್ಲಿಸಿದಂತೆ ಆಯಿತು. ಆದರೆ ಅದಕ್ಕೆ ಪ್ರತಿಯಾಗಿ ಎಫ್‌ಆರ್‌ಪಿ ಎಂಬ ಕನಿಷ್ಠ ದರ ಇದೆ. 14 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ವರ್ಷಕ್ಕೆ ನೂರಕ್ಕೆ 15ರಂತೆ ಬಡ್ಡಿ. ಬಾಕಿ ಉಳಿಸಿಕೊಳ್ಳುವುದು ನಿಂತಿಲ್ಲ, ಗೊತ್ತು. ಆದರೂ ಕಬ್ಬಿನ ರೈತನಿಗೆ ಕೇಳಲು ಒಂದು ಕಾನೂನಿದೆ. ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿಗೆ ಸರ್ಕಾರಿ ಮಾರುಕಟ್ಟೆ ಇದೆ. ಅಲ್ಲಿ ಗೂಡಿನಿಂದ ನೂಲು ತೆಗೆಯುವ ಹತ್ತಾರು ರೀಲರ್‌ಗಳು ಹರಾಜಿನಲ್ಲಿ ಬೆಲೆ ಹಾಕುತ್ತಾರೆ, ಬೆಲೆ ಒಪ್ಪದಿದ್ದರೆ ರೈತ ಬೇಡ ಎನ್ನಬಹುದು. ನಮಗೆ ಅದೂ ಇಲ್ಲ, ಇದೂ ಇಲ್ಲ. ಮಿಡಿಸೌತೆಯನ್ನು ಮನೆಯಲ್ಲಿ ಇಟ್ಟುಕೊಳ್ಳಲೂ ಆಗಲ್ಲ ಅಲ್ವಾ?

ಕಂಪನಿಯನ್ನು ಓಡಿಸಿ ಎಂದು ನಾನು ಕೇಳುತ್ತಿಲ್ಲ. ಅದು ಬಂದ ಮೇಲೆಯೇ ನಮ್ಮ ಹೆಣ್ಣುಮಕ್ಕಳಿಗೆ ದಿನಾ ಕೆಲಸ ಸಿಕ್ಕಿತು. ಬಾವಿಯಲ್ಲಿ ಸ್ವಲ್ಪವೇ ನೀರಿದ್ದವರೂ ಮೂರು ತಿಂಗಳ ಬೆಳೆಯಲ್ಲಿ ದುಡ್ಡು ನೋಡಿದರು. ನಾನು ಕೇಳುವುದು ತೂಗುವ ಜಾಗದಲ್ಲಿ ನ್ಯಾಯ. ಗ್ರೇಡು ಎಂದರೆ ಎಣಿಕೆ ತಾನೇ? ಹಾಗಾದರೆ ಅದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಒಂದು ಕೆಜಿ ತೂಗಿ ಎಣಿಸಿದರೆ ಐದು ನಿಮಿಷದ ಕೆಲಸ. ಸಂಗ್ರಹ ಕೇಂದ್ರದಲ್ಲಿ ತೋಟಗಾರಿಕೆ ಇಲಾಖೆಯವರೋ ರೈತರು ಆರಿಸಿದವರೋ ಒಬ್ಬರು ನಿಲ್ಲಲಿ. ಯಾರಿಗಾದರೂ ಅನುಮಾನ ಬಂದರೆ ಅಲ್ಲೇ ಎಣಿಸಲಿ. ಒಪ್ಪಂದದ ಕನ್ನಡ ನಕಲು ಪ್ರತಿಯೊಬ್ಬ ರೈತನ ಕೈಗೂ ಸಿಗಲಿ. ಹೇಳಿದ ದಿನ ವ್ಯಾನು ಬರದಿದ್ದರೆ ಆ ದಿನದ ಕಾಯಿಗೆ ಎಷ್ಟು ಕೊಡಬೇಕು ಎಂದು ಅದರಲ್ಲೇ ಬರೆದಿರಲಿ. ಕಬ್ಬಿಗಿರುವ 14 ದಿನದ ಗಡುವು ನಮಗೂ ಇರಲಿ. ಇದನ್ನು ವಿಧಾನಸಭೆಯಲ್ಲಿ ಕೇಳಿ.

ಅದಕ್ಕೂ ಮೊದಲು ಒಂದು ಸಂಜೆ ನಮ್ಮೂರಿಗೆ ಬನ್ನಿ. ವ್ಯಾನು ಬರುವ ಹೊತ್ತಿಗೆ ಅರಳಿಕಟ್ಟೆ ಹತ್ತಿರ ಎಲ್ಲರೂ ಇರುತ್ತೇವೆ. ಹಿಂದಿನ ಮೂರು ಬೆಳೆಯ ಚೀಟಿಗಳನ್ನು ನಾನು ಎತ್ತಿಟ್ಟಿದ್ದೇನೆ. ತಕ್ಕಡಿಯನ್ನೂ ತರುತ್ತೇನೆ. ಒಂದು ಕೆಜಿ ನೀವೇ ಎಣಿಸಿ ನೋಡಿ.

ಇಂತಿ,
ಮಧುಗಿರಿ ತಾಲ್ಲೂಕಿನ ಒಬ್ಬ ಮಿಡಿಸೌತೆ ಬೆಳೆಗಾರ