ಉಳಿತಾಯದ ದುಡ್ಡು, ಹಾರದ ಆಸೆ

ದಾವಣಗೆರೆ

ಚಿ. ಸುಮಾಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕಳಿಸಿದ ಆಂಟಿಕ್ ಹಾರದ ಫೋಟೋ ನೋಡಿದೆ. ಚೆನ್ನಾಗಿದೆ, ನಿನಗೆ ಒಪ್ಪುತ್ತದೆ. ಆದರೆ ಅದರ ಕೆಳಗೆ ನೀನು ಬರೆದ ಮಾತು ನನ್ನ ಮನಸ್ಸಿನಲ್ಲೇ ಉಳಿಯಿತು. "ಇದು ಖರ್ಚಲ್ಲ ದೊಡ್ಡಪ್ಪ, ಉಳಿತಾಯ. ಮೂರು ವರ್ಷದಲ್ಲಿ ಸೈಟ್ ತಗೊಳ್ಳುವಾಗ ಮಾರಿದರಾಯಿತು" ಅಂದಿದ್ದೀಯ. ಬ್ಯಾಂಕಿನಲ್ಲಿ ಬಂಗಾರದ ಸಾಲದ ಕೌಂಟರ್ ನೋಡಿಕೊಂಡವನು ನಾನು. ಇದೇ ಮಾತು ನಂಬಿಕೊಂಡು ಬಂದವರ ಮುಖ ಎಷ್ಟೋ ಸಲ ಸಪ್ಪಗಾಗಿದ್ದನ್ನು ನೋಡಿದ್ದೇನೆ. ಅದಕ್ಕೇ ಫೋನಿನಲ್ಲಿ ಹೇಳದೆ ಬರೆಯುತ್ತಿದ್ದೇನೆ. ಲೆಕ್ಕ ಕಾಗದದ ಮೇಲಿದ್ದರೆ ಎರಡು ಸಲ ಓದಬಹುದು, ಅಲ್ವಾ?

ಹಾರದ ತೂಕ 40 ಗ್ರಾಂ ಅಂದೆ. ಅದು ಗ್ರಾಸ್ ತೂಕ. ಹರಳು, ಮುತ್ತು ಎಲ್ಲ ಸೇರಿದ್ದು. ಅಂಥ ಹಾರದಲ್ಲಿ ಹರಳೇ 4 ಗ್ರಾಂ ಇದೆ ಅಂದುಕೊಳ್ಳೋಣ. ಹಾಗಾದರೆ ನೆಟ್ ತೂಕ, ಅಂದರೆ ಬರೀ ಬಂಗಾರ, 36 ಗ್ರಾಂ. ಲೆಕ್ಕ ಸುಲಭವಾಗಲಿ ಅಂತ 22 ಕ್ಯಾರೆಟ್ ಗ್ರಾಮಿಗೆ 10,000 ರೂಪಾಯಿ ಹಿಡಿಯುತ್ತೇನೆ. ನೀನು ಆ ದಿನದ ರೇಟ್ ಹಾಕಿಕೋ, ಪ್ರಮಾಣ ಬದಲಾಗುವುದಿಲ್ಲ.

ಬಂಗಾರದ ಬೆಲೆ 3,60,000. ಒಡವೆ ಮಾಡುವ ಕೂಲಿ, ನಷ್ಟ ಅಂತ ಅಂಗಡಿಯವರು ಹಾಕುವ ವೇಸ್ಟೇಜ್ ಆಂಟಿಕ್ ಕೆಲಸಕ್ಕೆ ಜಾಸ್ತಿ. 18 ಪರ್ಸೆಂಟ್ ಹಿಡಿದರೆ 64,800. ಹರಳಿಗೆ 12,000 ಹಾಕಿದರು ಅನ್ನು. ಎಲ್ಲ ಸೇರಿ 4,36,800. ಅದರ ಮೇಲೆ 3 ಪರ್ಸೆಂಟ್ ಜಿಎಸ್‌ಟಿ. ನಿನ್ನ ಕೈಯಿಂದ ಹೋಗುವುದು ಹತ್ತಿರ ಹತ್ತಿರ 4,50,000.

ಈಗ ಮುಂದಿನ ತಿಂಗಳೇ ಮಾರಬೇಕಾಯಿತು, ರೇಟೂ ಅಷ್ಟೇ ಇದೆ ಅಂದುಕೋ. ಅಂಗಡಿಯವರು ಹರಳು ತೆಗೆದು ತೂಗುತ್ತಾರೆ. ಹರಳಿಗೆ ಸಾಮಾನ್ಯವಾಗಿ ಏನೂ ಕೊಡುವುದಿಲ್ಲ. ವೇಸ್ಟೇಜ್, ಜಿಎಸ್‌ಟಿ ವಾಪಸ್ ಬರುವ ಮಾತೇ ಇಲ್ಲ. ಕರಗಿಸುವಾಗಿನ ನಷ್ಟ ಅಂತ ಇನ್ನೊಂದು 2 ಪರ್ಸೆಂಟ್ ಹಿಡಿದರೆ ನಿನಗೆ ಸಿಗುವುದು 3,52,800. ಹೆಚ್ಚು ಕಡಿಮೆ 97,000 ರೂಪಾಯಿ ಹೋಯಿತು. ನೀನು ಹಾಕಿದ ದುಡ್ಡು ಹಾಕಿದಷ್ಟೇ ವಾಪಸ್ ಬರಬೇಕಾದರೂ ಗ್ರಾಮಿನ ರೇಟ್ 10,000ದಿಂದ 12,750 ದಾಟಬೇಕು. ಲಾಭ ಶುರುವಾಗುವುದು ಅದರ ಮೇಲೆ.

ಕೆಲವು ವರ್ಷ ಬಂಗಾರ ಅಷ್ಟು ಏರಿದೆ, ಅದಕ್ಕಿಂತ ಜಾಸ್ತಿಯೂ ಏರಿದೆ. ಹಾಗಾಗಿ ನಷ್ಟವಾದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. "ನಾನು ಕೊಂಡಾಗ ಇಷ್ಟಿತ್ತು, ಈಗ ಇಷ್ಟಾಗಿದೆ" ಅಂತ ಗ್ರಾಮಿನ ರೇಟನ್ನೇ ನೋಡುತ್ತಾರೆ, ಬಿಲ್ಲಿನ ಕೊನೆಯ ಸಾಲನ್ನು ನೋಡುವುದಿಲ್ಲ. ಆದರೆ ಮೂರು ವರ್ಷ ಅಂತ ದಿನ ಗೊತ್ತುಮಾಡಿಕೊಂಡು ಹೊರಟವಳು ನೀನು. ಆ ಹೊತ್ತಿಗೆ ರೇಟ್ ಏರಿರುತ್ತದೆ ಅಂತ ನಾನಂತೂ ಹೇಳಲಾರೆ.

ಹಾಗಂತ ಹಾರ ಬೇಡ ಅನ್ನುತ್ತಿಲ್ಲ ಮಗಳೇ. ರೇಷ್ಮೆ ಸೀರೆಗೆ ದುಡ್ಡು ಕೊಡುವಾಗ ಅದು ವಾಪಸ್ ಬರುತ್ತದೆ ಅಂತ ಯಾರೂ ಲೆಕ್ಕ ಹಾಕುವುದಿಲ್ಲ. ವೇಸ್ಟೇಜು, ಹರಳಿನ ದುಡ್ಡು, ತೆರಿಗೆ ಇವನ್ನೂ ಹಾಗೇ ನೋಡು. ಅದು ಉಡುವ ತೊಡುವ ಸಂತೋಷಕ್ಕೆ ಕೊಟ್ಟ ದುಡ್ಡು. ಅದನ್ನು ಸೈಟಿನ ಲೆಕ್ಕದಲ್ಲಿ ಸೇರಿಸಬೇಡ, ಅಷ್ಟೇ.

ಹಳೆಯದನ್ನು ಕೊಟ್ಟು ಹೊಸದು ಮಾಡಿಸುವಾಗಲೂ ಇದೇ ಕಥೆ. "ಎಕ್ಸ್‌ಚೇಂಜಿಗೆ ಏನೂ ಕಡಿತ ಇಲ್ಲ" ಅನ್ನುವ ಬೋರ್ಡ್ ನೋಡಿರುತ್ತೀಯ. ಹಳೆಯ ಬಂಗಾರಕ್ಕೆ ಪೂರ್ತಿ ರೇಟ್ ಕೊಟ್ಟರೂ ಹೊಸ ಒಡವೆಗೆ ಹೊಸ ವೇಸ್ಟೇಜ್, ಹೊಸ ಜಿಎಸ್‌ಟಿ ಬೀಳುತ್ತದೆ. ಐದಾರು ವರ್ಷಕ್ಕೊಮ್ಮೆ ಡಿಸೈನ್ ಬದಲಿಸುವವರ ಮನೆಯಲ್ಲಿ ಬಂಗಾರ ಸದ್ದಿಲ್ಲದೆ ಸವೆಯುತ್ತದೆ.

ಇನ್ನು ಶುದ್ಧತೆ. 22 ಕ್ಯಾರೆಟ್ ಅಂದರೆ ನೂರರಲ್ಲಿ 91.6 ಭಾಗ ಬಂಗಾರ. ಅದಕ್ಕೇ 916 ಅನ್ನುವುದು. 18 ಕ್ಯಾರೆಟ್ ಆದರೆ 75 ಭಾಗ ಮಾತ್ರ, ಒಡವೆಯ ಮೇಲೆ 750 ಅಂತ ಇರುತ್ತದೆ. ಹರಳಿನ ಒಡವೆಗಳಲ್ಲಿ ಇದು ಸಾಮಾನ್ಯ. ಯಾವ ಕ್ಯಾರೆಟ್ಟಿನದೋ ಆ ರೇಟೇ ಹಾಕಿದ್ದಾರಾ ಅಂತ ನೋಡಿಕೋ. ಹಾಲ್‌ಮಾರ್ಕ್‌ನಲ್ಲಿ ಮೂರು ಗುರುತು ಇರಬೇಕು: ಬಿಐಎಸ್ ಮುದ್ರೆ, ಶುದ್ಧತೆಯ ಅಂಕಿ, ಒಂದೊಂದು ಒಡವೆಗೂ ಬೇರೆ ಬೇರೆ ಇರುವ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ. 2023ರ ಏಪ್ರಿಲ್ 1ರಿಂದ ಎಚ್‌ಯುಐಡಿ ಇಲ್ಲದ ಹಾಲ್‌ಮಾರ್ಕ್ ಒಡವೆಯನ್ನು ಅಂಗಡಿಯವರು ಮಾರುವಂತಿಲ್ಲ. ಫೋನಿನಲ್ಲಿ BIS Care ಆ್ಯಪ್ ಹಾಕಿಕೋ. ಅಂಗಡಿಯಲ್ಲಿ ಕೂತೇ ಆ ಆರು ಅಕ್ಷರ ಹೊಡೆದು ನೋಡು. ಅಲ್ಲಿ ಬರುವ ಒಡವೆಯ ಬಗೆ, ಶುದ್ಧತೆ ನಿನ್ನ ಕೈಯಲ್ಲಿರುವುದಕ್ಕೆ ಹೊಂದಬೇಕು. ಹಾರದ ನಂಬರ್ ಹೊಡೆದರೆ ಉಂಗುರ ಅಂತ ಬಂದರೆ ಸುಮ್ನೆ ಎದ್ದು ಬಾ.

ಆದರೆ ಹಾಲ್‌ಮಾರ್ಕ್ ಹೇಳುವುದು ಶುದ್ಧತೆಯನ್ನು. ಹಾರದಲ್ಲಿ ಹರಳು ಎಷ್ಟು, ಒಳಗೆ ಅರಗು ತುಂಬಿದ್ದಾರಾ ಅನ್ನುವುದು ನಿನ್ನ ಬಿಲ್ಲಿನಿಂದಲೇ ಗೊತ್ತಾಗಬೇಕು. ಸಾಲಕ್ಕೆ ತಂದ ಒಡವೆಗಳಲ್ಲಿ ಹೆಚ್ಚು ಜಗಳ ಆಗುತ್ತಿದ್ದದ್ದು ಇಲ್ಲೇ. ಜನ ಬಿಲ್ಲಿನ ಮೇಲಿನ ತೂಕ ತೋರಿಸುತ್ತಿದ್ದರು. ನಮ್ಮ ಅಪ್ರೈಸರ್ ಹರಳು, ದಾರ, ಅರಗು ಕಳೆದು ತೂಕ ಬರೆಯುತ್ತಿದ್ದ. ಕೊಂಡಾಗ ಹರಳನ್ನೂ ಬಂಗಾರದ ರೇಟಿನಲ್ಲೇ ತೂಗಿಸಿಕೊಂಡು ಬಂದವರಿಗೆ ಅದು ಅವತ್ತೇ ಗೊತ್ತಾಗುತ್ತಿತ್ತು. ಹಾಗಾಗಿ ಬಿಲ್ಲಿನಲ್ಲಿ ಗ್ರಾಸ್ ತೂಕ, ನೆಟ್ ತೂಕ, ಹರಳಿನ ತೂಕ ಮತ್ತು ಬೆಲೆ ಬೇರೆ ಬೇರೆ ಬರೆಸು. ವೇಸ್ಟೇಜನ್ನು ನೆಟ್ ತೂಕದ ಮೇಲೆ ಹಾಕಿದ್ದಾರಾ ಕೇಳು. ಚೌಕಾಸಿಗೆ ಜಾಗ ಇರುವುದೂ ವೇಸ್ಟೇಜಿನಲ್ಲೇ. ರೇಟ್ ಇಳಿಸುವುದಿಲ್ಲ, ಆದರೆ 18 ಇದ್ದದ್ದನ್ನು 14ಕ್ಕೆ ತಂದರೆ ಈ ಹಾರದಲ್ಲೇ 14,400 ಉಳಿಯಿತು, ಮೇಲಿನ ಜಿಎಸ್‌ಟಿ ಬೇರೆ.

ನನ್ನ ಮಾತು ಕೇಳುವುದಾದರೆ ದುಡ್ಡನ್ನು ಎರಡು ಪಾಲು ಮಾಡು. ಒಂದು ಪಾಲಿನಲ್ಲಿ 12 ಗ್ರಾಮಿನ, ಹರಳಿಲ್ಲದ ಸರ ತಗೋ. ವೇಸ್ಟೇಜ್ 10 ಪರ್ಸೆಂಟ್ ಆದರೂ ಎಲ್ಲ ಸೇರಿ 1,36,000 ಆಗುತ್ತದೆ. ನಾಳೆಯೇ ಮಾರಿದರೂ ಹೋಗುವುದು 18,000 ಚಿಲ್ಲರೆ. ದಿನಾ ಹಾಕಿಕೊಳ್ಳಬಹುದು, ಹಾರದ ಹಾಗೆ ಲಾಕರಿನಲ್ಲಿ ಕೂರುವುದಿಲ್ಲ.

ಉಳಿದ ಮೂರು ಲಕ್ಷ ಚಿಲ್ಲರೆ ಸೈಟಿನದು. ಬಂಗಾರದಲ್ಲೇ ಇರಲಿ ಅನ್ನಿಸಿದರೆ ಗೋಲ್ಡ್ ಇಟಿಎಫ್ ನೋಡು, ಬಂಗಾರದ ಬೆಲೆಯ ಜೊತೆ ಏರಿಳಿಯುವ, ಷೇರಿನ ಹಾಗೆ ಕೊಳ್ಳುವ ಫಂಡ್ ಅದು. ನಿನಗೆ ಹೇಗೂ ಡಿಮ್ಯಾಟ್ ಖಾತೆ ಇದೆ. ವೇಸ್ಟೇಜ್ ಇಲ್ಲ, ಕೊಳ್ಳುವಾಗ 3 ಪರ್ಸೆಂಟ್ ಜಿಎಸ್‌ಟಿ ಕೊಡಬೇಕಾಗಿಲ್ಲ, ವರ್ಷಕ್ಕೆ ಸಣ್ಣ ಖರ್ಚು ಹಿಡಿಯುತ್ತಾರೆ. ಕೈಯಲ್ಲಿ ಹಿಡಿದು ನೋಡಬೇಕು ಅಂದರೆ 24 ಕ್ಯಾರೆಟ್ ನಾಣ್ಯ. ಅದಕ್ಕೂ 3 ಪರ್ಸೆಂಟ್ ಜಿಎಸ್‌ಟಿ, ಸ್ವಲ್ಪ ಮೇಕಿಂಗ್ ಇದೆ. ಬ್ಯಾಂಕಿನಲ್ಲಿ ಮಾತ್ರ ಕೊಳ್ಳಬೇಡ, ಬ್ಯಾಂಕಿನವರು ಮಾರುತ್ತಾರೆ, ವಾಪಸ್ ಕೊಳ್ಳುವುದಿಲ್ಲ. ಸರಕಾರದ ಗೋಲ್ಡ್ ಬಾಂಡ್ ಬಗ್ಗೆ ನೀನು ಕೇಳಿದ್ದೆ. 2024ರ ಫೆಬ್ರವರಿಯ ನಂತರ ಅದರ ಹೊಸ ಕಂತು ಬಂದಿಲ್ಲ. ಇನ್ನು ರೇಟ್ ಇಳಿದರೆ ಸೈಟಿನ ಅಡ್ವಾನ್ಸಿಗೇ ಕಷ್ಟ ಅನ್ನುವ ಹಾಗಿದ್ದರೆ ಅರ್ಧದಷ್ಟಾದರೂ ಎಫ್‌ಡಿಯಲ್ಲಿ ಇಡು.

ನಿನ್ನ ಅಮ್ಮನಿಗೂ ಈ ಪತ್ರ ತೋರಿಸು. ಅಡ್ವಾನ್ಸ್ ಕೊಡುವ ಮೊದಲು ಅಂಗಡಿಯವರಿಂದ ಎಸ್ಟಿಮೇಟ್ ಚೀಟಿ ಬರೆಸಿಕೊಂಡು ಅದರ ಫೋಟೋ ನನಗೆ ಕಳಿಸು. ನೆಟ್ ತೂಕ ಅದರಲ್ಲಿ ಕಾಣಿಸಬೇಕು, ನೆನಪಿರಲಿ.

ಇಂತಿ ನಿನ್ನ
ದೊಡ್ಡಪ್ಪ